ಲ್ಯಾಂಡಿಂಗ್ ಕೆಳಗೆ ಬಗ್ಗಿದ ಕಂಬಿ: ನನ್ನ ಅನುಭವ

ತುಮಕೂರಿನಲ್ಲಿ ಒಂದು ಮನೆಯ ಮೆಟ್ಟಿಲು ಹಾಕಿಸುವಾಗಿನ ಮಾತು ಇದು. ಮಹಡಿ ಎತ್ತರ 3 ಮೀಟರ್. ಮಧ್ಯದಲ್ಲಿ ಒಂದು ಲ್ಯಾಂಡಿಂಗ್, ಅಲ್ಲಿಂದ ವಾಪಸ್ ತಿರುಗಿ ಮೇಲಕ್ಕೆ ಹೋಗುವ ಡಾಗ್ ಲೆಗ್ ಮೆಟ್ಟಿಲು. ಒಂದೊಂದು ಮೆಟ್ಟಿಲಿನ ಎತ್ತರ, ಅಂದರೆ ರೈಸರ್ 150 ಮಿ.ಮೀ., ಕಾಲಿಡುವ ಅಗಲ, ಅಂದರೆ ಟ್ರೆಡ್ 250.

ಇಲ್ಲಿ ಭಾರ ಹೊರುವುದು ಮೆಟ್ಟಿಲುಗಳಲ್ಲ, ಅವುಗಳ ಕೆಳಗಿನ ಇಳಿಜಾರಿನ ವೇಸ್ಟ್ ಸ್ಲ್ಯಾಬ್. ಮೇಲಿನ ತ್ರಿಕೋನಗಳು ಅದಕ್ಕೆ ಬರೀ ತೂಕ. ನಮ್ಮದು 150 ಮಿ.ಮೀ. ದಪ್ಪ. ಈ ದಪ್ಪವನ್ನು ಇಳಿಜಾರಿಗೆ ಅಡ್ಡವಾಗಿ, ಮೂಲೆಮಟ್ಟ ಹಿಡಿದೇ ಅಳೆಯಬೇಕು. ಲಂಬವಾಗಿ 150 ಅಳೆದರೆ ನಿಜವಾಗಿ ಸಿಗುವುದು 129 ಮಾತ್ರ. ಸ್ಲ್ಯಾಬ್ ಕೆಳಗಿನಿಂದ ಲ್ಯಾಂಡಿಂಗ್ ಆಚೆ ತುದಿಯ ಬೀಮ್‌ವರೆಗೆ ಉದ್ದಕ್ಕೆ ಬಾಗುವುದರಿಂದ ಎಳೆತ ಬರುವುದು ಅದರ ತಳದಲ್ಲಿ. ಹಾಗಾಗಿ 12 ಮಿ.ಮೀ. ಮೇನ್ ಕಂಬಿಗಳು ಇಳಿಜಾರಿನ ಉದ್ದಕ್ಕೂ ತಳದಲ್ಲಿ, 20 ಮಿ.ಮೀ. ಕವರ್ ಬ್ಲಾಕ್ ಮೇಲೆ ಕೂತವು. ಅವುಗಳ ಮೇಲೆ ಅಡ್ಡಕ್ಕೆ 8 ಮಿ.ಮೀ. ಕಂಬಿ. (ಗೋಡೆಯಿಂದ ಚಾಚಿದ ಕ್ಯಾಂಟಿಲಿವರ್ ಮೆಟ್ಟಿಲಾದರೆ ಲೆಕ್ಕ ಉಲ್ಟಾ, ಮೇನ್ ಕಂಬಿ ಮೇಲೆ ಇರಬೇಕು.)

ಬೆಳಿಗ್ಗೆ ಹೋಗಿ ನೋಡಿದರೆ, ಕೆಳಗಿನಿಂದ ಲ್ಯಾಂಡಿಂಗ್‌ವರೆಗಿನ ಮೆಟ್ಟಿಲ ಸಾಲು, ಅಂದರೆ ಮೊದಲ ಫ್ಲೈಟ್‌ನ ತಳದ ಕಂಬಿಗಳನ್ನು ಸೆಂಟ್ರಿಂಗ್ ಹಲಗೆಯ ಆಕಾರಕ್ಕೇ ಬಗ್ಗಿಸಿ, ಒಂದೇ ತುಂಡಾಗಿ ಲ್ಯಾಂಡಿಂಗ್ ತಳಕ್ಕೆ ಹಾಯಿಸಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ನನಗೆ ಎದೆ ಧಸಕ್ಕೆಂದಿತು. ಹಿಂದೆ ಒಂದು ಕಟ್ಟಡದಲ್ಲಿ ಇದೇ ಜಾಗದಲ್ಲಿ, ಲ್ಯಾಂಡಿಂಗ್ ಅಡಿಯ ಮಡಿಕೆಗುಂಟ ಬಿರುಕು ಬಿಟ್ಟು ಕಾಂಕ್ರೀಟ್ ಚಕ್ಕೆ ಉದುರಿದ್ದನ್ನು ನೋಡಿದ್ದೆ.

ಮೇಸ್ತ್ರಿಗೆ ಒಂದು ಬೈಂಡಿಂಗ್ ವೈರ್ ಬಗ್ಗಿಸಿ ತೋರಿಸಿದೆ. "ಎರಡೂ ತುದಿ ಹಿಡಿದು ಎಳೆಯಿರಿ, ಮಡಿಕೆ ಯಾವ ಕಡೆ ಹೋಗುತ್ತೆ ನೋಡಿ." ಎಳೆದರು. ವೈರ್ ನೇರವಾಗಲು ಹೋಗಿ ಮಡಿಕೆ ಒಳಗಡೆಗೆ ಸರಿಯಿತು. ಲ್ಯಾಂಡಿಂಗ್‌ನಲ್ಲಿ ಆ ಒಳಗಡೆ ಅಂದರೆ ತಳ. ಅಲ್ಲಿ ತಡೆಯಲು ಇರುವುದು ಕಂಬಿಯ ಕೆಳಗಿನ 20 ಮಿ.ಮೀ. ಕಾಂಕ್ರೀಟ್ ಕವರ್ ಅಷ್ಟೇ ಅಲ್ವಾ?

ಸರಿಯಾದ ದಾರಿ ಎಂದರೆ ಅಲ್ಲಿ ಕಂಬಿಗಳು ಕತ್ತರಿಯಂತೆ ದಾಟಬೇಕು. ಫ್ಲೈಟ್‌ನ ತಳದ ಕಂಬಿ ಬಗ್ಗದೆ ನೇರ ಮೇಲೇರಿ, ಲ್ಯಾಂಡಿಂಗ್‌ನ ಮೇಲ್ಮೈ ಹತ್ತಿರ ಹೋಗಿ ಅಲ್ಲಿ ಮಟ್ಟವಾಗಿ ಮಲಗಬೇಕು. ಲ್ಯಾಂಡಿಂಗ್ ತಳದ ಕಂಬಿ ಬೇರೆ ತುಂಡು. ಅದು ನೇರ ಮುಂದೆ ಬಂದು ಫ್ಲೈಟ್‌ನ ಮೇಲ್ಮೈಗುಂಟ ಇಳಿಯಬೇಕು. ದಾಟಿದ ಮೇಲೆ ಎರಡಕ್ಕೂ ಹಿಡಿತದ ಉದ್ದ ಬೇಕು. ಎಂ20 ಕಾಂಕ್ರೀಟ್, ಎಫ್‌ಇ 500 ಕಂಬಿಗೆ ಲೆಕ್ಕ ಹಾಕಿದರೆ 680 ಮಿ.ಮೀ. ಬರುತ್ತದೆ. ನಾವು 700 ಬಿಟ್ಟೆವು.

ಬಗ್ಗಿಸಿದ ಕಂಬಿ ದಂಡವಾಗಲಿಲ್ಲ. ಎರಡನೇ ಫ್ಲೈಟ್ ಅದೇ ಲ್ಯಾಂಡಿಂಗ್‌ನಿಂದ ಮೇಲಕ್ಕೆ ಏಳುತ್ತದೆ. ಅಲ್ಲಿ ತಳದ ಕಂಬಿ ಮಡಿಕೆಯ ಹೊರಗಡೆ ಇರುತ್ತದೆ, ಎಳೆದರೆ ಕಾಂಕ್ರೀಟ್ ಒಳಕ್ಕೇ ಒತ್ತುತ್ತದೆ. ಅದೇ ಕಂಬಿಗಳನ್ನು ತಿರುಗಿಸಿ ಅಲ್ಲಿ ಒಂದೇ ತುಂಡಾಗಿ ಕೂರಿಸಿದೆವು. ಮೊದಲ ಫ್ಲೈಟ್‌ಗೆ ಮಾತ್ರ ಹೊಸದಾಗಿ ಕತ್ತರಿಸಿದೆವು. ಕಾಂಕ್ರೀಟ್ ಒಂದು ದಿನ ತಡವಾಯಿತು.