ಶೀರ್ಷಿಕೆ ಬದಲಾದರೆ ಕವಿತೆಯಲ್ಲಿ ಮಾತಾಡುವವರೇ ಬದಲಾಗುತ್ತಾರೆ

ಕವಿತೆ ಬರೆದು ಮುಗಿಸಿದ ಮೇಲೆ ಒಂದು ಹೆಸರು ಇಟ್ಟರಾಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಮಾತ್ರ ಶೀರ್ಷಿಕೆಯನ್ನು ಕವಿತೆಯ ಮೊದಲ ಸಾಲು ಅಂತಲೇ ಎಣಿಸುತ್ತೇನೆ. ಓದುಗ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉಳಿದದ್ದನ್ನು ಓದುತ್ತಾನೆ. ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನನ್ನದೇ ಒಂದು ಸಣ್ಣ ಕವಿತೆ ಇಟ್ಟುಕೊಂಡು ಹೇಳುತ್ತೇನೆ. ಶೀರ್ಷಿಕೆ ಇಲ್ಲದೆ ಮೊದಲು ಓದಿ.

ಬಾಗಿಲು ಸುಮ್ನೆ ಎಳೆದಿದ್ದೇನೆ, ಬೀಗ ಹಾಕಿಲ್ಲ.
ಅನ್ನ ಮುಚ್ಚಿಟ್ಟಿದ್ದೇನೆ, ಇನ್ನೂ ಬಿಸಿ ಇದೆ.
ಹಾಲಿನವನ ಬಾಕಿ ತೀರಿಸಿದೆ.
ತುಳಸಿಗೆ ಎರಡು ದಿನಕ್ಕಾಗುವಷ್ಟು ನೀರು ಹಾಕಿದೆ.
ನಿನ್ನ ನೀಲಿ ಅಂಗಿಗೆ ಗುಂಡಿ ಹೊಲಿದಿಟ್ಟಿದ್ದೇನೆ.
ಬೆಕ್ಕು ಬಂದರೆ ಒಂಚೂರು ಹಾಲು ಹಾಕು,
ಅದು ನನ್ನನ್ನು ಹುಡುಕಬಹುದು.

ಯಾರೋ ಮನೆ ಬಿಟ್ಟು ಹೊರಟಿದ್ದಾರೆ, ಇನ್ನೊಬ್ಬರಿಗೆ ಚೀಟಿ ಬರೆದಿಟ್ಟಿದ್ದಾರೆ. ಅಷ್ಟು ಗೊತ್ತಾಗುತ್ತದೆ. ಯಾರು, ಯಾರಿಗೆ, ಎಲ್ಲಿಗೆ ಅನ್ನುವುದು ಗೊತ್ತಾಗುವುದಿಲ್ಲ.

ಈಗ ಮೇಲೆ ‘ತವರಿಗೆ’ ಅಂತ ಬರೆಯಿರಿ. ಕೂಡಲೇ ಹೆಂಡತಿ ಗಂಡನಿಗೆ ಬರೆದ ಚೀಟಿ ಆಗುತ್ತದೆ. ಎರಡು ದಿನದ ನೀರು ಅಂದರೆ ಎರಡು ದಿನ ಬಿಟ್ಟು ಬರುತ್ತಾಳೆ. ಹಾಲಿನವನ ಬಾಕಿ ತಿಂಗಳ ಕೊನೆಯ ಲೆಕ್ಕ. ಕೊನೆಯ ಸಾಲಿನಲ್ಲಿ ಒಂದು ಸಿಹಿ ಮುನಿಸು ಕೇಳಿಸುತ್ತದೆ. ನೀನಂತೂ ಹುಡುಕುವುದಿಲ್ಲ, ಬೆಕ್ಕಾದರೂ ಹುಡುಕಲಿ ಅನ್ನುವ ಹಾಗೆ.

‘ಇನ್ನು ಬರುವುದಿಲ್ಲ’ ಅಂತ ಇಟ್ಟರೆ? ಅದೇ ಏಳು ಸಾಲು ಗಟ್ಟಿಯಾಗುತ್ತವೆ. ಬಾಕಿ ತೀರಿಸಿದ್ದು ಈ ಮನೆಯ ಋಣ ತೀರಿತು ಅಂದ ಹಾಗೆ. ಎರಡು ದಿನದ ಮೇಲೆ ತುಳಸಿ ನಿನ್ನ ಪಾಲಿಗೆ. ಬೆಕ್ಕಿನ ಮಾತು ನೇರ ಆರೋಪ. ಬಿಸಿ ಅನ್ನ ಮಾತ್ರ ಈ ಸಿಟ್ಟಿನ ಜೊತೆ ಹೊಂದದೆ ನಿಲ್ಲುತ್ತದೆ, ಮನಸ್ಸು ಪೂರ್ತಿ ಕಿತ್ತುಕೊಂಡು ಹೋಗಿಲ್ಲ ಅಂತ ಹೇಳುತ್ತದೆ. ಈ ಓದೂ ನನಗೆ ಇಷ್ಟವಾಗಿತ್ತು.

ನಾನು ಕೊನೆಗೆ ಇಟ್ಟದ್ದು ‘ಅಡ್ಮಿಟ್ ಆಗುವ ದಿನ’.

ಇದರ ಕೆಳಗೆ ಓದಿ ನೋಡಿ. ಬಾಕಿ ತೀರಿಸಿದವರಿಗೆ ವಾಪಸು ಬರುವ ಖಾತ್ರಿ ಇಲ್ಲ. ಆದರೆ ತುಳಸಿಗೆ ಎರಡೇ ದಿನದ ನೀರು ಹಾಕಿದ್ದಾರೆ. ಅಂದರೆ ಮನಸ್ಸಿನಲ್ಲಿ ಎರಡು ದಿನದಲ್ಲಿ ಬಂದೇಬಿಡುತ್ತೇನೆ ಅನ್ನುವ ಆಸೆ ಇದೆ. ಒಂದು ಸಾಲಿನಲ್ಲಿ ಭಯ, ಅದರ ಮುಂದಿನ ಸಾಲಿನಲ್ಲಿ ಆಸೆ. ಎರಡನ್ನೂ ನಾನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಬೇರೆ ಶೀರ್ಷಿಕೆಯ ಕೆಳಗೆ ಈ ಎರಡು ಸಾಲುಗಳ ನಡುವೆ ಇಂಥ ಎಳೆದಾಟವೇ ಇರಲಿಲ್ಲ.

ಇಲ್ಲಿ ಕನ್ನಡ ನಮಗೆ ಮಾಡಿಕೊಡುವ ಒಂದು ಅನುಕೂಲ ಗಮನಿಸಿ. ‘ಹೊಲಿದೆ’, ‘ತೀರಿಸಿದೆ’, ‘ಹಾಕಿದೆ’ ಅಂದರೆ ಹೇಳಿದವರು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ‘ಹೊಲಿದಳು’, ‘ಹೊಲಿದನು’ ಅಂದಾಗ ಮಾತ್ರ ಗುಟ್ಟು ಬಿಡುತ್ತದೆ. ಹಾಗಾಗಿ ನಾನು ಎಂದು ಬರೆದ ಕವಿತೆಯಲ್ಲಿ ಆ ನಾನು ಯಾರು ಅಂತ ತೀರ್ಮಾನಿಸುವುದು ಎಷ್ಟೋ ಸಲ ಶೀರ್ಷಿಕೆಯೇ. ‘ತವರಿಗೆ’ ಅಂದಾಗ ಹೆಂಡತಿ ಎಂದು ಗಟ್ಟಿಯಾಯಿತು. ‘ಅಡ್ಮಿಟ್ ಆಗುವ ದಿನ’ ಅಂದಾಗ ತಾಯಿ ಮಗನಿಗೆ ಬರೆದದ್ದೂ ಆಗಬಹುದು, ಒಬ್ಬ ಅಪ್ಪ ಕೆಲಸಕ್ಕೆ ಹೋದ ಮಗಳಿಗೆ ಬರೆದದ್ದೂ ಆಗಬಹುದು. ಗುಂಡಿ ಹೊಲಿಯುವ ಅಪ್ಪ ನನಗೆ ಬೇಕಿತ್ತು. ಕಡೇಪಕ್ಷ ಆ ಬಾಗಿಲು ಮುಚ್ಚುವುದು ಬೇಡವಾಗಿತ್ತು.

ಶೀರ್ಷಿಕೆ ಗೊತ್ತಾದ ಮೇಲೆ ಕವಿತೆಯನ್ನು ಮತ್ತೆ ತಿದ್ದಬೇಕಾಗುತ್ತದೆ. ಇದನ್ನು ಜಾಸ್ತಿ ಜನ ಮಾಡುವುದಿಲ್ಲ. ನನ್ನ ಮೊದಲ ಪ್ರತಿಯಲ್ಲಿ ‘ಡಾಕ್ಟರ ಚೀಟಿ ಚೀಲದಲ್ಲಿದೆ’ ಅಂತ ಒಂದು ಸಾಲು ಇತ್ತು. ಆಗ ಅದು ಬೇಕಿತ್ತು, ಆಸ್ಪತ್ರೆಯ ಸುಳಿವು ಕೊಡುತ್ತಿದ್ದದ್ದು ಅದೊಂದೇ. ಶೀರ್ಷಿಕೆ ಆ ಕೆಲಸ ವಹಿಸಿಕೊಂಡ ಮೇಲೆ ಸಾಲನ್ನು ತೆಗೆದುಹಾಕಿದೆ. ಈಗ ಕವಿತೆಯ ಒಳಗೆ ಆಸ್ಪತ್ರೆಯ ಒಂದು ಪದವೂ ಇಲ್ಲ. ಎಲ್ಲ ಮನೆಯ ಸಾಮಾನೇ. ಕವಿತೆಯಲ್ಲಿ ಇಲ್ಲದ ಒಂದು ಸಂಗತಿ ಶೀರ್ಷಿಕೆಯಲ್ಲಿರಬೇಕು, ಶೀರ್ಷಿಕೆಯಲ್ಲಿ ಹೇಳಿದ್ದನ್ನು ಕವಿತೆ ಮತ್ತೆ ಹೇಳಬಾರದು. ಈ ರೀತಿಯ ಕವಿತೆಗೆ ನಾನು ಇಟ್ಟುಕೊಂಡಿರುವ ಅಳತೆ ಇದು.

ಇದೇ ಕಾರಣಕ್ಕೆ ‘ಅಗಲಿಕೆ’, ‘ನೋವು’, ‘ಮೌನ’ ಇಂಥ ಹೆಸರುಗಳನ್ನು ನಾನು ಇಡುವುದಿಲ್ಲ. ಅವು ಸಂಗತಿ ಕೊಡುವುದಿಲ್ಲ, ಭಾವನೆಯನ್ನು ಮೊದಲೇ ಬಡಿಸಿಬಿಡುತ್ತವೆ. ‘ಅಗಲಿಕೆ’ ಅಂತ ಓದಿ ಬಂದವನಿಗೆ ಬಿಸಿ ಅನ್ನವೂ ಅಗಲಿಕೆ, ಗುಂಡಿಯೂ ಅಗಲಿಕೆ. ಏಳು ಸಾಲೂ ಒಂದೇ ಮಾತಿಗೆ ತಲೆಯಾಡಿಸುತ್ತವೆ ಅಷ್ಟೇ.

ಶೀರ್ಷಿಕೆಗೂ ಒಂದು ಮಿತಿ ಇದೆ. ‘ಗಡಿಗೆ ಹೊರಟ ದಿನ’ ಅಂತಲೂ ಇಟ್ಟು ನೋಡಿದೆ. ಹೊರಟವನು ಸೈನಿಕ ಅಂತಾದ ತಕ್ಷಣ ಎಲ್ಲಕ್ಕೂ ಭಾರ ಬಂತು. ಆದರೆ ಆ ಭಾರ ಸಾಲುಗಳದ್ದಲ್ಲ. ತಿಂಗಳುಗಟ್ಟಲೆ ದೂರ ಹೋಗುವವನು ತುಳಸಿಗೆ ಎರಡು ದಿನದ ನೀರು ಹಾಕಿ ಹೇಳಿಕೊಳ್ಳುವುದಿಲ್ಲ. ಒಂದು ಸಾಲು ಹೀಗೆ ಅಡ್ಡ ನಿಂತರೆ ಶೀರ್ಷಿಕೆ ಸೋತಿದೆ ಅಂತಲೇ ಅರ್ಥ.

ಸರಿಯಾದ ಹೆಸರು ಯಾವುದು ಅಂತ ತಿಳಿಯಲು ನಾನು ಮಾಡುವುದು ಇಷ್ಟೇ. ಒಬ್ಬ ಗೆಳೆಯನಿಗೆ ಶೀರ್ಷಿಕೆ ಇಲ್ಲದೆ ಕವಿತೆ ಕೊಡುತ್ತೇನೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಕೇಳುತ್ತೇನೆ. ಆಮೇಲೆ ಶೀರ್ಷಿಕೆ ಹೇಳುತ್ತೇನೆ. ಉತ್ತರ ಒಂಚೂರೂ ಬದಲಾಗದಿದ್ದರೆ ಆ ಹೆಸರು ಸುಮ್ನೆ ಕೂತಿದೆ. ‘ಓ, ಅದಕ್ಕಾ!’ ಅಂತ ಹಾಳೆ ವಾಪಸು ಕೊಟ್ಟರೆ ಇನ್ನೂ ಕಷ್ಟ. ಕವಿತೆ ಒಗಟಾಯಿತು, ಶೀರ್ಷಿಕೆ ಉತ್ತರವಾಯಿತು, ಅಲ್ಲಿಗೆ ಮುಗಿಯಿತು. ಶೀರ್ಷಿಕೆ ಕೇಳಿದ ಮೇಲೆ ಕಣ್ಣು ಮತ್ತೆ ಮೊದಲ ಸಾಲಿಗೆ ಹೋದರೆ ಅದೇ ನನಗೆ ಬೇಕಾದ ಗುರುತು.

ಬೇಂದ್ರೆಯವರ ‘ಬೆಳಗು’ ಇದಕ್ಕೆ ತೀರಾ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಶೀರ್ಷಿಕೆ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತದೆ. ಮೂಡಣ ಮನೆ, ಮುತ್ತಿನ ನೀರಿನ ಎರಕ ಅಂದಾಗ ಬೆಳಗಿನ ಮಾತೇ ಅಂತ ನಮಗೆ ಗೊತ್ತು, ತಡಕಾಡುವುದಿಲ್ಲ. ಹಾಗೆ ನಂಬಿಸಿಕೊಂಡು ಬಂದು ಕೊನೆಗೆ ‘ಇದು ಬರಿ ಬೆಳಗಲ್ಲೋ ಅಣ್ಣಾ’ ಅನ್ನುತ್ತಾರೆ. ತಾವೇ ಇಟ್ಟ ಹೆಸರನ್ನು ಕವಿತೆಯೇ ದಾಟಿಬಿಡುತ್ತದೆ. ಮೇಲೆ ‘ಬೆಳಗು’ ಅಂತ ಇಲ್ಲದಿದ್ದರೆ ಆ ಕೊನೆಯ ಮಾತಿಗೆ ಅಷ್ಟು ಬಲ ಬರುತ್ತಿರಲಿಲ್ಲ. ಅದೇ ಬೇಂದ್ರೆ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಗೆ ‘ಕಾಲ’ ಅಂತ ಹೆಸರಿಡಲಿಲ್ಲ. ಇಟ್ಟಿದ್ದರೆ ಹಕ್ಕಿ ಮೊದಲ ಸಾಲಿಗೆ ಮುಂಚೆಯೇ ನೆಲಕ್ಕಿಳಿದಿರುತ್ತಿತ್ತು.

ಕವಿಗೋಷ್ಠಿಯಲ್ಲಿ ಓದುವಾಗ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹಾಳೆಯ ಮೇಲಾದರೆ ಓದುಗ ಕೊನೆ ಮುಟ್ಟಿ ಮತ್ತೆ ಶೀರ್ಷಿಕೆಯತ್ತ ನೋಡಬಹುದು, ಕೇಳುಗನಿಗೆ ಅದು ಸಾಧ್ಯವಿಲ್ಲ. ಅದಕ್ಕೇ ಶೀರ್ಷಿಕೆ ಹೇಳಿ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ, ಕವಿತೆ ಮುಗಿದ ಮೇಲೆ ಇನ್ನೊಮ್ಮೆ ಅದನ್ನೇ ಹೇಳುತ್ತೇನೆ. ‘ಇದು ಆಸ್ಪತ್ರೆಗೆ ಹೋಗುವವರ ಕುರಿತು’ ಅಂತ ಮುನ್ನುಡಿ ಮಾತ್ರ ಹೇಳುವುದಿಲ್ಲ. ಆ ಕೆಲಸಕ್ಕೆ ಮೂರು ಪದ ಈಗಾಗಲೇ ಇಟ್ಟಾಗಿದೆ.