ಸ್ಪೀಡ್ ನೂರು ಇದ್ದರೂ ಸಂಜೆ ಟಿವಿ ಒಡೆಯುತ್ತಿತ್ತು: ನಾಪೋಕ್ಲು ಕಡೆಯ ಹೋಂಸ್ಟೇಯಲ್ಲಿ ನಾನು ಮಾಡಿದ ಕೆಲಸ

ಕೊಡಗಿನಲ್ಲಿ ಫೈಬರ್ ಕನೆಕ್ಷನ್ ಕೊಡುವ ನಮ್ಮವರಿಗೆಲ್ಲ ಈ ದೂರು ಗೊತ್ತು. ಹಗಲು ಟಿವಿ ಚೆನ್ನಾಗಿ ಬರುತ್ತದೆ. ಶನಿವಾರ ಸಂಜೆ ಗೆಸ್ಟ್‌ಗಳು ಬಂದು ವೈಫೈ ಹಿಡಿದ ಮೇಲೆ ಪಿಕ್ಚರ್ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ನೂರಕ್ಕೆ ತೊಂಬತ್ತೈದು ತೋರಿಸುತ್ತದೆ. "ಪ್ಲಾನ್ ಜಾಸ್ತಿ ಮಾಡಿಸಿ ಸಾರ್" ಅಂತ ಹೇಳಿ ಬರುವುದು ನಮ್ಮ ಲೈನಿನ ರೂಢಿ. ಈ ಮನೆಯಲ್ಲಿ ಅದು ಪ್ಲಾನಿನ ಸಮಸ್ಯೆ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಯಾರೂ ನಂಬಲಿಲ್ಲ. ಈಗ ಒಂದು ಮಳೆಗಾಲ ಪೂರ್ತಿ ದಾಟಿತು, ದೂರು ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ನಾಪೋಕ್ಲು ಕಡೆ, ತೋಟದ ಒಳಗೆ. ಹಳೇ ಹಂಚಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಓಎನ್‌ಟಿ ಹಾಲ್‌ನಲ್ಲಿ. ಅದಕ್ಕೆ ಕೇಬಲ್‌ನಲ್ಲಿ ಸಿಕ್ಕಿಸಿದ ಕಂಪನಿಯ ಸೆಟ್ ಟಾಪ್ ಬಾಕ್ಸ್ ಒಂದು. ಅಂಗಳದ ಆಚೆ ಗೆಸ್ಟ್ ಕಾಟೇಜ್, ಸುಮಾರು ಐವತ್ತು ಮೀಟರ್ ದೂರ. ಅಲ್ಲಿ ಎರಡನೇ ಬಾಕ್ಸ್, ವೈಫೈ ರಿಪೀಟರ್‌ನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದು. ಒಡೆಯುತ್ತಿದ್ದದ್ದು ಕಾಟೇಜಿನ ಟಿವಿ.

ನಾನು ಹೋಗುವ ಮೊದಲೇ ಅಲ್ಲಿ ದುಡ್ಡು ಸಾಕಷ್ಟು ಸುರಿದಾಗಿತ್ತು. ಪ್ಲಾನ್ ಐವತ್ತರಿಂದ ನೂರಕ್ಕೆ ಏರಿಸಿದ್ದರು, ತಿಂಗಳಿಗೆ ಇನ್ನೂರು ಚಿಲ್ಲರೆ ಜಾಸ್ತಿ. ಎರಡು ಯೂನಿಟ್‌ನ ಮೆಶ್ ಸೆಟ್ ತಂದಿದ್ದರು, ಆರೇಳು ಸಾವಿರ. ಬಾಕ್ಸ್ ಬದಲಾಯಿಸಿದ್ದರು, ಓಎನ್‌ಟಿಯೂ ಬದಲಾಯಿತು. ಆಮೇಲೆ ಯಾರೋ ಹೇಳಿದರು ಅಂತ ಕರೆಂಟಿನ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ, ಹತ್ತಿರ ನಾಲ್ಕು ಸಾವಿರ. ಅದು ಕರೆಂಟ್ ಇರುವಾಗ ಪರವಾಗಿಲ್ಲ ಎನ್ನುವಂತೆ ನಡೆಯಿತು. ಇನ್ವರ್ಟರ್ ಮೇಲೆ ಹೋದ ಕೂಡಲೇ ಸತ್ತಿತು. ನಮ್ಮಲ್ಲಿ ಜೂನ್‌ನಿಂದ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಮೊದಲು ಲೈನ್ ನೋಡಿದೆ. ಆಪ್ಟಿಕಲ್ ಪವರ್ ಮೈನಸ್ ಇಪ್ಪತ್ತೊಂದರ ಆಸುಪಾಸು, ಏನೂ ತೊಂದರೆ ಇಲ್ಲ. ಆಮೇಲೆ ಮಾಡಿದ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಅದೇ ಎಲ್ಲ ಹೇಳಿತು. ಕಾಟೇಜಿನ ಅದೇ ಬಾಕ್ಸಿನಲ್ಲಿ, ಅದೇ ಗಲಾಟೆಯ ಸಂಜೆ, ಲೈವ್ ಚಾನೆಲ್ ಹಾಕಿದರೆ ಒಡೆಯುತ್ತದೆ. ಅದೇ ಬಾಕ್ಸಿನ ಆ್ಯಪ್‌ನಲ್ಲಿ ಸಿನಿಮಾ ಹಾಕಿದರೆ ನೀರಿನ ಹಾಗೆ ಓಡುತ್ತದೆ. ಒಂದೇ ಬಾಕ್ಸ್, ಒಂದೇ ದಾರಿ, ಒಂದೇ ಹೊತ್ತು. ಸ್ಪೀಡ್ ಸಾಲದಿದ್ದರೆ ಎರಡೂ ನಿಲ್ಲಬೇಕಿತ್ತು.

ವ್ಯತ್ಯಾಸ ಇರುವುದು ಪ್ಯಾಕೆಟ್ ಬರುವ ರೀತಿಯಲ್ಲಿ. ಆ್ಯಪ್ ಮುಂಚೆಯೇ ಎಷ್ಟೋ ಸೆಕೆಂಡಿನ ಸಿನಿಮಾ ತುಂಬಿಸಿಟ್ಟುಕೊಳ್ಳುತ್ತದೆ. ಒಂದು ಪ್ಯಾಕೆಟ್ ಬಿದ್ದುಹೋದರೆ ಮತ್ತೆ ಕೇಳಿ ತರಿಸುತ್ತದೆ. ತೀರಾ ಸಾಲದಿದ್ದರೆ ಚಕ್ರ ಸುತ್ತುತ್ತದೆ. ಈ ಕಂಪನಿಯ ಲೈವ್ ಚಾನೆಲ್ ಮಲ್ಟಿಕಾಸ್ಟ್‌ನಲ್ಲಿ, ಯುಡಿಪಿಯಲ್ಲಿ ಬರುತ್ತದೆ. ತುಂಬಿಸಿಟ್ಟದ್ದು ತೀರಾ ಕಡಿಮೆ, ಮತ್ತೆ ಕೇಳುವ ಪದ್ಧತಿ ಈ ಬಾಕ್ಸಿನಲ್ಲಿಲ್ಲ. ಬಿದ್ದದ್ದು ಬಿದ್ದೇ ಹೋಯಿತು. ಹಾಗಾಗಿ ಚಕ್ರ ಕಂಡರೆ ಒಂದು ರೋಗ, ಚೌಕ ಕಂಡರೆ ಇನ್ನೊಂದು ರೋಗ. ಇದೊಂದನ್ನು ಗ್ರಾಹಕರಿಂದ ಫೋನ್‌ನಲ್ಲೇ ಕೇಳಿ ತಿಳಿದುಕೊಳ್ಳಿ, ಅರ್ಧ ಓಡಾಟ ಉಳಿಯುತ್ತದೆ.

ಕೇಬಲ್‌ನಲ್ಲಿ ಮಲ್ಟಿಕಾಸ್ಟ್ ಬಂದರೆ ತೊಂದರೆ ಇಲ್ಲ. ಗಾಳಿಗೆ ಬಿಟ್ಟರೆ ಕಥೆ ಬೇರೆ. ಸಾಮಾನ್ಯ ಪ್ಯಾಕೆಟ್ ಮುಟ್ಟಿತಾ ಅಂತ ವೈಫೈ ಉತ್ತರ ಕಾಯುತ್ತದೆ, ಮುಟ್ಟದಿದ್ದರೆ ಮತ್ತೆ ಕಳಿಸುತ್ತದೆ. ಮಲ್ಟಿಕಾಸ್ಟ್ ಸಂತೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ. ಯಾರಿಗೆ ಕೇಳಿಸಿತು ಅಂತ ನೋಡುವುದಿಲ್ಲ, ಕಿವಿ ಮಂದ ಇರುವವರಿಗೂ ತಿಳಿಯಲಿ ಅಂತ ನಿಧಾನವಾಗಿ ಕೂಗುತ್ತದೆ. ಆ ನಿಧಾನ ಎಷ್ಟು ಅಂದರೆ, 2.4 ಗಿಗಾಹರ್ಟ್ಸ್‌ನಲ್ಲಿ ಹಳೇ ರೇಟ್‌ಗಳು ಆನ್ ಇದ್ದರೆ 1 ಎಂಬಿಪಿಎಸ್. 5 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ 6. ವೈಫೈ ರೂಟರ್‌ನ ಡಬ್ಬದ ಮೇಲೆ ಸಾವಿರದ ಇನ್ನೂರು ಅಂತ ಬರೆದಿರುವ ವೇಗ ಇದಕ್ಕೆ ಸಿಗುವುದೇ ಇಲ್ಲ.

ಇಲ್ಲಿ ಲೆಕ್ಕ ಹಾಕಿ ನೋಡಿ. ನಾನು ಅಳೆದ ಹಾಗೆ ಈ ಕಂಪನಿಯ ಎಚ್‌ಡಿ ಚಾನೆಲ್ ಏಳೆಂಟು ಎಂಬಿಪಿಎಸ್, ಎಸ್‌ಡಿ ಸುಮಾರು ಎರಡು. 6ರಲ್ಲಿ ಕೂಗುವ ವೈಫೈಗೆ ಎಂಟರ ಎಚ್‌ಡಿ ಹಿಡಿಸುವುದೇ ಇಲ್ಲ. ಎರಡರ ಎಸ್‌ಡಿ ಹಿಡಿಸುತ್ತದೆ, ಆದರೆ ಗಾಳಿಯ ಸಮಯದಲ್ಲಿ ಮೂರರಲ್ಲಿ ಒಂದು ಪಾಲು ತಿನ್ನುತ್ತದೆ. ರಿಪೀಟರ್ ಅದನ್ನೇ ಅದೇ ವೈಫೈ ಚಾನೆಲ್‌ನಲ್ಲಿ ಇನ್ನೊಮ್ಮೆ ಕೂಗುತ್ತದೆ, ಮೂರರಲ್ಲಿ ಎರಡು ಪಾಲು ಹೋಯಿತು. ಹಗಲು ಯಾರೂ ಇಲ್ಲದಾಗ ಉಳಿದ ಪಾಲಿನಲ್ಲಿ ನಡೆಯುತ್ತದೆ. ಸಂಜೆ ಹತ್ತು ಫೋನ್ ಫೋಟೋ ಅಪ್‌ಲೋಡ್ ಮಾಡಲು ಶುರು ಮಾಡಿದರೆ ಗಾಳಿಯಲ್ಲಿ ಜಾಗವೇ ಇಲ್ಲ. ಲೈನಿನಲ್ಲಿ ನೂರು ಬಂದರೂ ಅಷ್ಟೇ, ಇನ್ನೂರು ಬಂದರೂ ಅಷ್ಟೇ.

ಒಂದು ವಾರದ ದಿನ ಕಾಟೇಜ್ ಖಾಲಿ ಇತ್ತು, ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಬಾಕ್ಸ್ ಒಂದೇ ಇದ್ದಾಗ ಎಸ್‌ಡಿ ಶುದ್ಧವಾಗಿ ಬಂತು. ನನ್ನ ಫೋನ್ ಅದೇ ವೈಫೈಗೆ ಹಾಕಿ ಸ್ಕ್ರೀನ್ ಆಫ್ ಮಾಡಿ ಜೇಬಿನಲ್ಲಿ ಇಟ್ಟೆ. ಅದು ಏನೂ ಡೌನ್‌ಲೋಡ್ ಮಾಡುತ್ತಿರಲಿಲ್ಲ, ಆದರೂ ಆಗಾಗ ಪಿಕ್ಚರ್ ಎಡವಿತು. ನೆಟ್‌ವರ್ಕ್‌ನಲ್ಲಿ ಒಂದು ಸಾಧನ ಪವರ್ ಸೇವ್‌ನಲ್ಲಿ ಮಲಗಿದರೂ ಸಾಕು, ವೈಫೈ ಮಲ್ಟಿಕಾಸ್ಟನ್ನೆಲ್ಲ ಹಿಡಿದಿಟ್ಟು, ಅದು ಎದ್ದು ಕೇಳುವ ಬೀಕನ್ ಹೊತ್ತಿಗೆ ಗುಂಪಾಗಿ ಬಿಡುತ್ತದೆ. ಬಾಕ್ಸಿಗೆ ಆ ಗುಂಪು ತಡೆಯುವುದಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಕಾಟೇಜಿಗೆ ಒಂದು ವೈರ್ ಎಳೆದರೆ ಆಯಿತು. ಆದರೆ ಯಜಮಾನರು ಇನ್ನೊಂದು ಮಾತು ಹೇಳಿದ್ದರು: "ಹಾಲ್‌ನಲ್ಲಿ ನಾವು ಟಿವಿ ಹಾಕಿದರೆ ಎಲ್ಲರ ಫೋನೂ ನಿಧಾನ ಆಗ್ತದೆ ನೋಡಿ." ಹಾಲ್‌ನ ಬಾಕ್ಸ್ ಕೇಬಲ್‌ನಲ್ಲಿದೆ, ಹಾಗಾಗಿ ಅದಕ್ಕೂ ವೈಫೈಗೂ ಸಂಬಂಧ ಇಲ್ಲ ಅಂತ ಕಂಪನಿಯವರು ತಳ್ಳಿಹಾಕಿದ್ದರಂತೆ. ನಾನು ಲ್ಯಾಪ್‌ಟಾಪ್ ವೈಫೈಗೆ ಹಾಕಿ, ಬರುವ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತೆರೆದೆ. ಲ್ಯಾಪ್‌ಟಾಪ್‌ನಲ್ಲಿ ಟಿವಿ ಏನೂ ಓಡುತ್ತಿಲ್ಲ. ಫಿಲ್ಟರ್ ಇಷ್ಟೇ:

```
udp && ip.dst == 224.0.0.0/4
```

ಪರದೆ ತುಂಬ 239ರಿಂದ ಶುರುವಾಗುವ ವಿಳಾಸದ ಪ್ಯಾಕೆಟ್‌ಗಳು ಸುರಿಯತೊಡಗಿದವು. ಹಾಲ್‌ನ ಎಚ್‌ಡಿ ಚಾನೆಲ್ ಅದು. ಓಎನ್‌ಟಿಯಲ್ಲಿ ಐಜಿಎಂಪಿ ಸ್ನೂಪಿಂಗ್ ಕೆಲಸ ಮಾಡುತ್ತಿರಲಿಲ್ಲ. ಯಾರು ಕೇಳಿದರು ಅಂತ ನೋಡದೆ ಎಲ್ಲ ಪೋರ್ಟಿಗೂ, ವೈಫೈಗೂ ಒಟ್ಟಿಗೇ ಸುರಿಯುತ್ತಿತ್ತು. ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿದರೂ ಸುರಿತ ನಿಲ್ಲಲಿಲ್ಲ. ಬಾಕ್ಸ್ ಸ್ಟ್ಯಾಂಡ್‌ಬೈನಲ್ಲೂ ಕೊನೆಯ ಚಾನೆಲ್ ಹಿಡಿದೇ ಕೂತಿತ್ತು. ಗೋಡೆಯ ಸ್ವಿಚ್ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತಿಗೆ ನಿಂತಿತು. ಯಜಮಾನರು ಹೇಳಿದ್ದು ನೂರಕ್ಕೆ ನೂರು ಸರಿ.

ಮಾಡಿದ ಕೆಲಸ ಹೀಗೆ. ಓಎನ್‌ಟಿಯ ವೈಫೈ ಬಂದ್ ಮಾಡಿದೆ. ಅದರಿಂದ ಒಂದೇ ಕೇಬಲ್ ಎಂಟು ಪೋರ್ಟಿನ ಮ್ಯಾನೇಜ್ಡ್ ಸ್ವಿಚ್‌ಗೆ, ಐಜಿಎಂಪಿ ಸ್ನೂಪಿಂಗ್ ಆನ್. ಸುಮಾರು ಎರಡೂವರೆ ಸಾವಿರದ್ದು, ಕ್ವೆರಿಯರ್ ಇರುವ ಮಾಡೆಲ್ ಅಂತ ನೋಡಿಯೇ ತಂದೆ. ಹಾಲ್‌ನ ಬಾಕ್ಸ್ ಒಂದು ಪೋರ್ಟಿಗೆ. ಅವರು ಮೊದಲೇ ತಂದಿದ್ದ ಮೆಶ್ ಯೂನಿಟ್‌ಗಳನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಿ ಒಂದನ್ನು ಹಾಲ್‌ಗೆ, ಒಂದನ್ನು ಕಾಟೇಜಿಗೆ. ಆ ದುಡ್ಡು ವ್ಯರ್ಥ ಆಗಲಿಲ್ಲ.

ಕಾಟೇಜಿಗೆ ಕ್ಯಾಟ್ ಸಿಕ್ಸ್ ಎಳೆಯಿರಿ ಅಂದರು. ನಾನು ಒಪ್ಪಲಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎರಡು ಕಟ್ಟಡದ ನಡುವಿನ ತಾಮ್ರ ಎರಡೂ ತುದಿಯ ಸಾಮಾನು ಸುಟ್ಟದ್ದನ್ನು ನಾವೆಲ್ಲ ನೋಡಿದ್ದೇವೆ. ಲೋಹದ ತಂತಿ ಇಲ್ಲದ ಡ್ರಾಪ್ ಫೈಬರ್ ಎಳೆದೆ, ಮೀಟರಿಗೆ ಎಂಟು ರೂಪಾಯಿ ಇರಬೇಕು. ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಜೋಡಿಗೆ ಎರಡು ಸಾವಿರದ ಒಳಗೆ. ಆ ತುದಿಯಲ್ಲೂ ಸ್ನೂಪಿಂಗ್ ಇರುವ ಚಿಕ್ಕ ಸ್ವಿಚ್ ಬೇಕು, ಇಲ್ಲದಿದ್ದರೆ ಕಾಟೇಜಿನ ಆಕ್ಸೆಸ್ ಪಾಯಿಂಟ್‌ಗೆ ಮತ್ತೆ ಅದೇ ಸುರಿತ. ಪೈಪ್, ಕೂಲಿ ಸೇರಿ ಒಟ್ಟು ಒಂಬತ್ತು ಸಾವಿರದ ಹತ್ತಿರ ಬಂತು. ಇಲಿ, ಅಳಿಲು ಮುಟ್ಟದ ಹಾಗೆ ಹಂಚಿನ ಕೆಳಗೆ ಫೈಬರ್ ತರುವ ನನ್ನ ಕ್ರಮ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಸಿಕ್ಕಿಸಿ ಆನ್ ಮಾಡಿದೆವು. ಎರಡೂ ಟಿವಿ ಗಾಜಿನ ಹಾಗೆ ಬಂದವು. ನಾಲ್ಕು ನಿಮಿಷ ಚಿಲ್ಲರೆ ಆದ ಮೇಲೆ ಎರಡೂ ನಿಂತವು. ಚಾನೆಲ್ ಬದಲಿಸಿದರೆ ಬಂತು, ಮತ್ತೆ ನಾಲ್ಕು ನಿಮಿಷಕ್ಕೆ ನಿಂತಿತು. ನನ್ನ ಜೊತೆ ಬಂದಿದ್ದವರು ಸ್ವಿಚ್ ಬಿಚ್ಚಿ ಹೊರಡೋಣ ಅಂದರು. ಆದರೆ ಈ ನಾಲ್ಕು ನಿಮಿಷವೇ ಕಾರಣ ಹೇಳಿಬಿಡುತ್ತದೆ. "ಈ ಚಾನೆಲ್ ಇನ್ನೂ ಬೇಕಾ" ಅಂತ ಬಾಕ್ಸ್‌ಗಳನ್ನು 125 ಸೆಕೆಂಡಿಗೊಮ್ಮೆ ಯಾರಾದರೂ ಕೇಳುತ್ತಿರಬೇಕು. ಕೇಳುವವರಿಲ್ಲದಿದ್ದರೆ ಬಾಕ್ಸ್ ಉತ್ತರ ಕೊಡುವುದಿಲ್ಲ. 260 ಸೆಕೆಂಡ್ ಆದಾಗ ಯಾರಿಗೂ ಬೇಡ ಅಂತ ಸ್ವಿಚ್ ಚಾನೆಲ್ ಕತ್ತರಿಸುತ್ತದೆ. ಈ ಓಎನ್‌ಟಿ ಕೇಳುತ್ತಿರಲಿಲ್ಲ. ಹಾಗೆ ಕೇಳುವ ಕೆಲಸ ಮಾಡುವ ಕ್ವೆರಿಯರನ್ನು ಹಾಲ್‌ನ ಸ್ವಿಚ್‌ನಲ್ಲಿ ಆನ್ ಮಾಡಿದೆ. ಅದರ ಜೊತೆಗೇ ಓಎನ್‌ಟಿ ಕಡೆಯ ಪೋರ್ಟನ್ನು ರೂಟರ್ ಪೋರ್ಟ್ ಅಂತ ಕೈಯಾರೆ ಗುರುತು ಮಾಡಬೇಕು. ಇಲ್ಲದಿದ್ದರೆ ಬಾಕ್ಸಿನ ಉತ್ತರ ಸ್ವಿಚ್‌ನಲ್ಲೇ ಉಳಿದು ಮೇಲಕ್ಕೆ ಹೋಗುವುದಿಲ್ಲ, ಹೊಸ ಚಾನೆಲ್ ಬರುವುದೇ ಇಲ್ಲ. ಎರಡನ್ನೂ ಮಾಡಿದ ಮೇಲೆ ಆ ರಾತ್ರಿ ಎಲ್ಲೂ ನಿಲ್ಲಲಿಲ್ಲ. ಓಎನ್‌ಟಿಯ ಒಳಗೂ ಒಂದು ಸೆಟ್ಟಿಂಗ್ ಮುಟ್ಟಿದ್ದೇನೆ. ಅದು ಯಾವುದು ಅಂತ ನನ್ನ ಹತ್ತಿರ ಕೆಲಸ ಕಲಿಯುವವರಿಗೆ ಮಾತ್ರ ಹೇಳುತ್ತೇನೆ.

ಮತ್ತೆ ಲ್ಯಾಪ್‌ಟಾಪ್ ವೈಫೈಗೆ ಹಾಕಿ ಅದೇ ಫಿಲ್ಟರ್ ನೋಡಿದೆ. ಎರಡೂ ಟಿವಿ ಎಚ್‌ಡಿಯಲ್ಲಿ ಓಡುತ್ತಿದ್ದವು, ಪರದೆಯಲ್ಲಿ ಆಗೊಂದು ಈಗೊಂದು ಚಿಲ್ಲರೆ ಪ್ಯಾಕೆಟ್ ಬಿಟ್ಟರೆ ಏನೂ ಇಲ್ಲ. ಮುಂದಿನ ಶನಿವಾರ ಕಾಟೇಜ್ ಫುಲ್ ಇತ್ತು, ಕ್ರಿಕೆಟ್ ಬೇರೆ ಇತ್ತು. ರಾತ್ರಿ ಯಜಮಾನರೇ ಫೋನ್ ಮಾಡಿ, ಪ್ಲಾನ್ ಮತ್ತೆ ಐವತ್ತಕ್ಕೆ ಇಳಿಸಬಹುದಾ ಅಂತ ಕೇಳಿದರು. ಇಳಿಸಿದೆವು. ಎರಡು ಎಚ್‌ಡಿ ಸೇರಿ ಹದಿನಾರು, ಉಳಿದದ್ದು ಗೆಸ್ಟ್‌ಗಳಿಗೆ ಸಾಕು.

ಇದನ್ನು ಎಲ್ಲ ಮನೆಗೂ ಹಚ್ಚಬೇಡಿ. ಕೆಲವು ಕಂಪನಿಯ ಬಾಕ್ಸ್ ಲೈವ್ ಚಾನೆಲನ್ನೂ ಆ್ಯಪ್ ಥರ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ತರಿಸುತ್ತದೆ. ಅಲ್ಲಿ 239ರ ಪ್ಯಾಕೆಟ್ ಕಾಣುವುದಿಲ್ಲ, ಸ್ನೂಪಿಂಗ್‌ನಿಂದ ಉಪಯೋಗವೂ ಇಲ್ಲ. ಕೇಬಲ್‌ನಲ್ಲಿರುವ ಬಾಕ್ಸ್ ಕೂಡ ಚೌಕ ಚೌಕವಾಗಿ ಒಡೆದರೆ ವೈಫೈ ಬಿಟ್ಟು ಲೈನ್ ನೋಡಿ. ಮಳೆ ಬಂದಾಗ ಮಾತ್ರ ಒಡೆದರೆ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ ನೀರು ಹೊಕ್ಕಿದೆಯಾ ನೋಡಿ. ಇನ್ನು ಚಾನೆಲ್ ಬದಲಿಸಿದ ಕೂಡಲೇ ಒಂದೆರಡು ಸೆಕೆಂಡ್ ಮಾತ್ರ ಎಡವಿದರೆ, ಹಳೇ ಚಾನೆಲ್ ಬಿಡುವ ಮೊದಲೇ ಹೊಸದು ಬಂದು ಎರಡೂ ಒಟ್ಟಿಗೆ ಓಡುತ್ತಿರುತ್ತವೆ. ಸ್ವಿಚ್‌ನಲ್ಲಿ ಫಾಸ್ಟ್ ಲೀವ್ ಆನ್ ಮಾಡಿ. ಒಂದೇ ಪೋರ್ಟಿನ ಹಿಂದೆ ಎರಡು ಬಾಕ್ಸ್ ಇದ್ದರೆ ಅದನ್ನು ಮುಟ್ಟಬೇಡಿ, ಒಬ್ಬರು ಚಾನೆಲ್ ಬದಲಿಸಿದರೆ ಅದೇ ಚಾನೆಲ್ ನೋಡುತ್ತಿರುವ ಇನ್ನೊಬ್ಬರ ಟಿವಿ ನಿಲ್ಲುತ್ತದೆ.