ಅರಿಯರ್ಸ್ ಒಟ್ಟಿಗೆ ಬಂತೇ? ತೆರಿಗೆಯನ್ನು ಹಳೆಯ ವರ್ಷಗಳಿಗೆ ಹಂಚುವುದು ಹೀಗೆ

ಶಿರಸಿ ತಾಲೂಕಿನ ಅನುದಾನಿತ ಹೈಸ್ಕೂಲಿನಲ್ಲಿ ಒಬ್ಬ ಮಾಸ್ತರರಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷಗಳಿಂದ ಕೂತಿದ್ದ ಅವರ ವೇತನ ಮರುನಿಗದಿ ಕಡತ 2025ರ ಆಗಸ್ಟ್‌ನಲ್ಲಿ ಇತ್ಯರ್ಥವಾಯಿತು. ಹಿಂದಿನ ಬಾಕಿ 2,34,000 ರೂಪಾಯಿ ಒಂದೇ ಬಿಲ್ಲಿನಲ್ಲಿ ಖಾತೆಗೆ ಬಂತು. ಖುಷಿಯೇ. ಆದರೆ ಆ ವರ್ಷ ಅವರು ಒಂದು ರೂಪಾಯಿಯೂ ತೆರಿಗೆ ಕಟ್ಟಬೇಕಿರಲಿಲ್ಲ. ಈ ಬಾಕಿ ಬಂದದ್ದೇ ತೆರಿಗೆ 78,000 ಆಯಿತು.

ಸಂಬಳ ಕೊಡಲು ತಡ ಮಾಡಿದವರು ಬೇರೆಯವರು, ತೆರಿಗೆ ಕಟ್ಟುವವರು ಇವರು. ಇದು ಸರಿಯಲ್ಲ ಎಂದೇ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಇದೆ. ಹಣ ಯಾವ ವರ್ಷದ್ದೋ ಆ ವರ್ಷವೇ ಬಂದಿದ್ದರೆ ಎಷ್ಟು ತೆರಿಗೆ ಆಗುತ್ತಿತ್ತು ಎಂದು ಲೆಕ್ಕ ಹಾಕಿ, ಅದಕ್ಕಿಂತ ಜಾಸ್ತಿ ಬಿದ್ದದ್ದನ್ನು ಬಿಟ್ಟುಕೊಡುವ ವ್ಯವಸ್ಥೆ ಅದು. ಹಳೆಯ ವರ್ಷಗಳ ರಿಟರ್ನ್ ಮತ್ತೆ ತೆರೆಯಬೇಕಿಲ್ಲ. ಎಲ್ಲವೂ ಹಣ ಬಂದ ವರ್ಷದ ರಿಟರ್ನ್‌ನಲ್ಲೇ ಮುಗಿಯುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ. ಆದರೆ 2025-26ರಲ್ಲಿ ಕೈಗೆ ಬಂದ ಹಣಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ಮೊದಲು ಬಿಲ್ ಒಡೆಯಿರಿ

ಕಚೇರಿಯಿಂದ ಬಾಕಿ ವೇತನದ ತಿಂಗಳುವಾರು ಪಟ್ಟಿ ಕೇಳಿ ಪಡೆಯಿರಿ. ಪ್ರತಿ ತಿಂಗಳು ಎಷ್ಟು ಸಿಗಬೇಕಿತ್ತು, ಎಷ್ಟು ಸಿಕ್ಕಿತ್ತು, ವ್ಯತ್ಯಾಸ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಇದಿಲ್ಲದೆ ಅಂದಾಜಿಗೆ ಹಂಚಬೇಡಿ. ನಾಳೆ ಇಲಾಖೆ ಕೇಳಿದರೆ ತೋರಿಸಲು ಇರುವ ಕಾಗದ ಇದೊಂದೇ.

ನಮ್ಮ ಮಾಸ್ತರರ ಪಟ್ಟಿಯಲ್ಲಿ 2023-24ಕ್ಕೆ 1,00,000, 2024-25ಕ್ಕೆ 1,00,000, ಉಳಿದ 34,000 2025ರ ಏಪ್ರಿಲ್‌ನಿಂದ ಜುಲೈವರೆಗಿನದು. ಈ 34,000 ಅದೇ ವರ್ಷದ ಸಂಬಳ, ಹಾಗಾಗಿ ಅದಕ್ಕೆ ರಿಯಾಯಿತಿ ಇಲ್ಲ. ಹಂಚಲು ಸಿಗುವುದು 2 ಲಕ್ಷ ಮಾತ್ರ. ಬಿಲ್ಲಿನ ಪೂರ್ತಿ ಮೊತ್ತವನ್ನೇ ಹಂಚಿಬಿಡುವವರು ಬಹಳ ಜನ, ಇಲ್ಲಿ ಜಾಗ್ರತೆ ಬೇಕು. ಇನ್ನೊಂದು ಮಾತು. ಮಾರ್ಚ್ ಸಂಬಳ ಏಪ್ರಿಲ್‌ನಲ್ಲಿ ಆಗುವ ಕಡೆ ಫಾರ್ಮ್ 16ರ ಲೆಕ್ಕ ಮಾರ್ಚ್‌ನಿಂದ ಫೆಬ್ರವರಿವರೆಗೆ ಇರುತ್ತದೆ. ಅಂಥವರು ಬಾಕಿಯನ್ನೂ ಹಾಗೇ ಒಡೆಯಬೇಕು.

ಹಣ ಬಂದ ವರ್ಷದ ಲೆಕ್ಕ

2025-26ಕ್ಕೆ ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. 75,000ದ ಸ್ಟಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ, ಹಳೆಯ ವರ್ಷಗಳ ಬಾಕಿ 2 ಲಕ್ಷ ಬಿಟ್ಟು, ತೆರಿಗೆಗೆ ಒಳಪಡುವ ಆದಾಯ 11 ಲಕ್ಷ. ಅದು 12 ಲಕ್ಷದ ಒಳಗಿರುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಬಾಕಿ ಸೇರಿಸಿದರೆ 13 ಲಕ್ಷ. ರಿಬೇಟ್ ಹೋಯಿತು. ತೆರಿಗೆ 75,000, ಅದರ ಮೇಲೆ ಶೇ 4 ಸೆಸ್ ಸೇರಿ 78,000. ಅಂದರೆ ಬಾಕಿಯಿಂದಾಗಿ ಹೆಚ್ಚಿದ್ದು ಪೂರ್ತಿ 78,000.

ನೀವೂ ಹೊಸ ಪದ್ಧತಿಯಲ್ಲಿದ್ದು, ಬಾಕಿ ಸೇರಿಸಿದ ಮೇಲೂ ನಿಮ್ಮ ಆದಾಯ 12 ಲಕ್ಷ ದಾಟದಿದ್ದರೆ ಇಲ್ಲೇ ನಿಲ್ಲಿಸಿ. ತೆರಿಗೆಯೇ ಇಲ್ಲದ ಮೇಲೆ ರಿಯಾಯಿತಿ ಯಾವುದಕ್ಕೆ, ಅಲ್ವಾ?

ಹಳೆಯ ವರ್ಷಗಳ ಲೆಕ್ಕ

ಆಯಾ ವರ್ಷ ಸಲ್ಲಿಸಿದ ರಿಟರ್ನ್ ತೆರೆದು `Total Income` ಎಂಬ ಸಾಲಿನ ಮೊತ್ತ ಬರೆದುಕೊಳ್ಳಿ. ಸಂಬಳದ ಮೊತ್ತ ಅಲ್ಲ. ಬ್ಯಾಂಕ್ ಬಡ್ಡಿ ಸೇರಿ, ವಿಮೆ, ಪಿಎಫ್, ಗೃಹಸಾಲದ ಬಡ್ಡಿ ಎಲ್ಲ ಕಳೆದ ಮೇಲೆ ಉಳಿದ ಮೊತ್ತ ಬೇಕು. ಆ ವರ್ಷ ಯಾವ ಪದ್ಧತಿಯಲ್ಲಿ ತೆರಿಗೆ ಕಟ್ಟಿದ್ದಿರೋ ಅದನ್ನೇ ಹಿಡಿಯಿರಿ. ಲಾಭ ನೋಡಿ ಈಗ ಬದಲಿಸುವಂತಿಲ್ಲ.

ಮಾಸ್ತರರು ಆಗ ಗೃಹಸಾಲದ ಕಾರಣಕ್ಕೆ ಹಳೆಯ ಪದ್ಧತಿಯಲ್ಲಿದ್ದರು. 2023-24ರಲ್ಲಿ ಆದಾಯ 6,80,000, ಸೆಸ್ ಸೇರಿ ತೆರಿಗೆ 50,440. ಒಂದು ಲಕ್ಷ ಸೇರಿಸಿ 7,80,000 ಮಾಡಿದರೆ ತೆರಿಗೆ 71,240. ವ್ಯತ್ಯಾಸ 20,800. 2024-25ರಲ್ಲಿ ಆದಾಯ 7,20,000. ಅಲ್ಲೂ ಬಾಕಿ ಪೂರ್ತಿ ಶೇ 20ರ ಹಂತದಲ್ಲೇ ಬೀಳುವುದರಿಂದ ವ್ಯತ್ಯಾಸ ಅದೇ 20,800. ಎರಡೂ ಸೇರಿ 41,600.

78,000ದಲ್ಲಿ 41,600 ಕಳೆಯಿರಿ. ಉಳಿದ 36,400 ಇವರಿಗೆ ಸಿಗುವ ರಿಯಾಯಿತಿ.

ಈಗ ಒಂದೇ ಅಂಕಿ ಬದಲಿಸಿ ನೋಡಿ. 2023-24ರ ಆದಾಯ 4,90,000 ಇತ್ತು ಎಂದುಕೊಳ್ಳೋಣ. ಆದಾಯ ಕಡಿಮೆ ಇದ್ದ ವರ್ಷ, ರಿಯಾಯಿತಿ ಜಾಸ್ತಿ ಸಿಗಬೇಕು ಎಂದು ಅನಿಸುತ್ತದೆ. ಆಗುವುದು ತಿರುವುಮುರುವು. ಹಳೆಯ ಪದ್ಧತಿಯಲ್ಲಿ 5 ಲಕ್ಷದೊಳಗೆ ರಿಬೇಟ್ ಇತ್ತು, ಹಾಗಾಗಿ ಆ ವರ್ಷ ತೆರಿಗೆ ಸೊನ್ನೆ. ಒಂದು ಲಕ್ಷ ಸೇರಿ 5,90,000 ಆದೊಡನೆ ರಿಬೇಟ್ ಪೂರ್ತಿ ಹೋಗಿ ತೆರಿಗೆ 31,720 ಆಗುತ್ತದೆ. ರಿಯಾಯಿತಿ 36,400ರಿಂದ 25,480ಕ್ಕೆ ಇಳಿಯುತ್ತದೆ. ಹಾಗೆಂದು ಆ ವರ್ಷವನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಎಲ್ಲ ವರ್ಷಗಳ ವ್ಯತ್ಯಾಸವನ್ನೂ ಕೂಡಿಸಿಯೇ ಕಳೆಯಬೇಕು. ಆ ಮೊತ್ತ ಈ ವರ್ಷದ ಹೆಚ್ಚುವರಿ ತೆರಿಗೆಗೆ ಸಮವಾದರೆ ಅಥವಾ ಅದನ್ನು ಮೀರಿದರೆ ರಿಯಾಯಿತಿ ಇಲ್ಲ. ಕೈಯಿಂದ ಏನೂ ಕಟ್ಟಬೇಕಾಗಿಯೂ ಇಲ್ಲ.

ಫಾರ್ಮ್ 10ಇ, ಆಮೇಲೆ ರಿಟರ್ನ್

ಲೆಕ್ಕ ಕಾಗದದ ಮೇಲೆ ಮುಗಿಸಿಕೊಂಡೇ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವ ಹೊತ್ತು ನಮ್ಮ ಘಟ್ಟದ ಊರುಗಳಲ್ಲಿ ಕಡಿಮೆ. ಅಂಕಿ ಎಲ್ಲ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. `e-File`, ಅದರಲ್ಲಿ `Income Tax Forms`, ಅದರಲ್ಲಿ `File Income Tax Forms`ಗೆ ಹೋಗಿ, 89ನೇ ಕಲಮಿನ ರಿಯಾಯಿತಿ ಕೇಳುವ `Form 10E` ಹುಡುಕಿ. `Assessment Year` ಕೇಳುವಲ್ಲಿ ಹಣ ಬಂದ ವರ್ಷದ್ದನ್ನು, ಅಂದರೆ 2025-26ಕ್ಕೆ `2026-27` ಅನ್ನು ಆರಿಸಬೇಕು. ಬಾಕಿ ಹಳೆಯದು ಎಂದು ಹಳೆಯ ವರ್ಷ ಆರಿಸಿದರೆ ಫಾರ್ಮ್ ಸಲ್ಲಿಕೆಯಾಗುತ್ತದೆ, ಆದರೆ ಉಪಯೋಗಕ್ಕೆ ಬರುವುದಿಲ್ಲ. ಒಳಗೆ `Annexure I`ರಲ್ಲಿ ಈ ವರ್ಷದ ಅಂಕಿಗಳನ್ನೂ `Table A`ಯಲ್ಲಿ ಹಳೆಯ ಒಂದೊಂದು ವರ್ಷಕ್ಕೆ ಒಂದೊಂದು ಸಾಲನ್ನೂ ತುಂಬಿ. ಕೊನೆಗೆ ಆಧಾರ್ ಒಟಿಪಿ ಹಾಕಿ ಇ-ವೆರಿಫೈ ಮಾಡಿ. ವೆರಿಫೈ ಆಗದಿದ್ದರೆ ಫಾರ್ಮ್ ಸಲ್ಲಿಸಿದ ಹಾಗೆ ಆಗುವುದಿಲ್ಲ.

ಫಾರ್ಮ್ ಮುಗಿದ ಮೇಲೆಯೇ ರಿಟರ್ನ್. ಅಲ್ಲಿ ಸಂಬಳದಲ್ಲಿ ಬಾಕಿ ಪೂರ್ತಿ ತೋರಿಸಿ, `Relief u/s 89` ಎಂಬಲ್ಲಿ 36,400 ಬರೆಯಬೇಕು. ಬಾಕಿಯನ್ನು ಸಂಬಳದಿಂದ ಕಳೆದು ತೋರಿಸಬೇಡಿ. ಫಾರ್ಮ್ 16ಕ್ಕೂ ರಿಟರ್ನ್‌ಗೂ ತಾಳೆಯಾಗುವುದಿಲ್ಲ.

"ಆಫೀಸಿನಲ್ಲೇ ರಿಯಾಯಿತಿ ಲೆಕ್ಕ ಹಾಕಿ ಟಿಡಿಎಸ್ ಕಡಿಮೆ ಹಿಡಿದಿದ್ದಾರಲ್ಲ ಮಾಸ್ತರೇ, ಮತ್ತೆ ಫಾರ್ಮ್ ಯಾಕೆ?" ಎಂದು ಸಹೋದ್ಯೋಗಿಗಳು ಕೇಳುವುದುಂಟು. ವಿವರ ಕೊಟ್ಟರೆ ಸಂಬಳ ಕೊಡುವವರೇ ರಿಯಾಯಿತಿ ಗಮನಿಸಿ ಟಿಡಿಎಸ್ ಹಿಡಿಯಬಹುದು, ನಿಜ. ಆದರೂ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ 10ಇ ಇರಲೇಬೇಕು. ಅದು ಇಲ್ಲದಿದ್ದರೆ ರಿಟರ್ನ್ ಪರಿಶೀಲಿಸುವ ಬೆಂಗಳೂರಿನ ಕೇಂದ್ರ 36,400ನ್ನು ತೆಗೆದುಹಾಕಿ, ಬಡ್ಡಿ ಸೇರಿಸಿ ತೆರಿಗೆ ಬಾಕಿ ತೋರಿಸಿ, 143(1)ನೇ ಕಲಮಿನ ಸೂಚನೆ ಕಳಿಸುತ್ತದೆ. ಅದು ಬರುವುದು ಇಮೇಲ್‌ಗೆ. ಬಹಳ ಮಂದಿಯದ್ದು ರಿಟರ್ನ್ ತುಂಬಿಕೊಟ್ಟ ಅಂಗಡಿಯವರ ಇಮೇಲ್ ಇರುತ್ತದೆ, ಸೂಚನೆ ಬಂದದ್ದೇ ತಿಳಿಯುವುದಿಲ್ಲ. ಹಾಗಾಗಿ ಪ್ರೊಫೈಲ್‌ನಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಇದೆಯೇ ನೋಡಿಕೊಳ್ಳಿ. ಫಾರ್ಮ್ ಬಿಟ್ಟುಹೋಗಿದ್ದು ಗೊತ್ತಾದರೆ ತಡಮಾಡದೆ 10ಇ ಸಲ್ಲಿಸಿ. ಗಡುವು ಇದ್ದರೆ ಪರಿಷ್ಕೃತ ರಿಟರ್ನ್ ಹಾಕಿ. ಗಡುವು ಮುಗಿದು ಸೂಚನೆಯೂ ಬಂದಿದ್ದರೆ ಉಳಿಯುವುದು 154ನೇ ಕಲಮಿನ ತಿದ್ದುಪಡಿ ಅರ್ಜಿ. ಅದಕ್ಕೆ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ.